ಒಂದೇ ದಿನದಲ್ಲಿ ಹೊರಡುವ ಹಣ, ವರ್ಷಗಟ್ಟಲೆ ಹೊರಡಲಾಗದ ಹಣ

ಪ್ರಶ್ನೆ: ಪೀಣ್ಯದಲ್ಲಿ ಚಿಕ್ಕದೊಂದು ಯಂತ್ರಶಾಲೆ ನಡೆಸುತ್ತಿದ್ದೇನೆ. ಹದಿನಾಲ್ಕು ಜನ ಕೆಲಸಗಾರರಿದ್ದಾರೆ. ವಹಿವಾಟಿನ ಮುಕ್ಕಾಲು ಪಾಲು ಬಿಡದಿ ಕಡೆಯ ಒಂದು ವಿದೇಶಿ ಕಂಪನಿಗೆ ಬಿಡಿಭಾಗ ಮಾಡಿಕೊಡುವುದರಿಂದಲೇ ಬರುತ್ತದೆ. ಈಗ ಅವರು ಹೊಸದೊಂದು ಬಿಡಿಭಾಗಕ್ಕೆ ದರಪಟ್ಟಿ ಕೇಳಿದ್ದಾರೆ. ಅದಕ್ಕೆ ಹೊರದೇಶದ ಸಿಎನ್‌ಸಿ ಯಂತ್ರ ಬೇಕು, ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. ಆದರೆ ವಿದೇಶಿಯರು ಷೇರುಪೇಟೆಯಿಂದ ಸಾವಿರಾರು ಕೋಟಿ ತೆಗೆದುಕೊಂಡು ಹೋದರು, ವಿದೇಶಿ ನೇರ ಹೂಡಿಕೆ, ಅಂದರೆ ಎಫ್‌ಡಿಐ, ನಿವ್ವಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು ಎಂದೆಲ್ಲ ಪತ್ರಿಕೆಯಲ್ಲಿ ಓದಿ ಧೈರ್ಯ ಬರುತ್ತಿಲ್ಲ. ಬಿ.ಕಾಂ. ಓದುವ ಮಗಳು ‘ಎಫ್‌ಡಿಐ ಗಟ್ಟಿ ಅಪ್ಪ, ಓಡಿಹೋಗುವುದು ಷೇರುಪೇಟೆಯ ಹಣ ಮಾತ್ರ’ ಎನ್ನುತ್ತಾಳೆ. ಅದು ನಿಜವೇ? ನಮ್ಮ ಕಂಪನಿಯೂ ಹೊರಟುಬಿಟ್ಟರೆ ನಾನೇನು ಮಾಡಲಿ? ಬ್ಯಾಂಕಿನವರು ಡಾಲರ್ ಸಾಲ ಅಗ್ಗ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?

ಉತ್ತರ: ನಿಮ್ಮ ಮಗಳ ಮಾತು ಬಹುಪಾಲು ಸರಿ. ಆದರೆ ಎಫ್‌ಡಿಐ ಎಂಬ ಹೆಸರಿನಲ್ಲೇ ಗಟ್ಟಿತನ ಇದೆ ಎಂದು ಅವರು ತಿಳಿದಿದ್ದರೆ ಅದನ್ನು ಸ್ವಲ್ಪ ತಿದ್ದಬೇಕು. ಹಣ ನಿಲ್ಲುತ್ತದೆಯೋ ಇಲ್ಲವೋ ಎಂಬುದು ಅದು ಯಾವ ಲೆಕ್ಕದ ಪುಸ್ತಕದಲ್ಲಿದೆ ಎಂಬುದರ ಮೇಲೆ ನಿಂತಿಲ್ಲ. ಇಲ್ಲಿಗೆ ಬಂದ ಮೇಲೆ ಅದು ಏನಾಗಿ ಮಾರ್ಪಟ್ಟಿತು, ಅದನ್ನು ಮತ್ತೆ ಡಾಲರ್ ಮಾಡಿಕೊಂಡು ಹೊರಡಲು ಎಷ್ಟು ಕಾಲ ಹಿಡಿಯುತ್ತದೆ, ಎಷ್ಟು ನಷ್ಟವಾಗುತ್ತದೆ ಎಂಬುದರ ಮೇಲೆ ನಿಂತಿದೆ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕುಳಿತು ಎರಡೂ ಬಗೆಯ ಹಣ ಬರುವುದನ್ನೂ ಹೋಗುವುದನ್ನೂ ನೋಡಿದವನಾಗಿ ಹೇಳುತ್ತಿದ್ದೇನೆ: ಎರಡರ ಕಾಗದಪತ್ರ ನೋಡಿದರೇ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಮೊದಲು ಗೆರೆ ಎಲ್ಲಿ ಎಳೆದಿದ್ದಾರೆ ಎಂದು ನೋಡೋಣ. ನಮ್ಮ ನಿಯಮದಲ್ಲಿ, ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಬಂಡವಾಳದಲ್ಲಿ ಶೇ 10 ಅಥವಾ ಅದಕ್ಕಿಂತ ಹೆಚ್ಚಿನ ಪಾಲನ್ನು ವಿದೇಶಿ ಹೂಡಿಕೆದಾರರು ಹೊಂದಿದ್ದರೆ ಅದು ವಿದೇಶಿ ನೇರ ಹೂಡಿಕೆ, ಅಂದರೆ ಎಫ್‌ಡಿಐ. ಅದಕ್ಕಿಂತ ಕಡಿಮೆ ಇದ್ದರೆ ಪೋರ್ಟ್‌ಫೋಲಿಯೊ ಹೂಡಿಕೆ. ನೋಂದಾಯಿತವಲ್ಲದ ಕಂಪನಿಯಲ್ಲಾದರೆ ಪಾಲು ಎಷ್ಟೇ ಚಿಕ್ಕದಿರಲಿ, ಅದು ಎಫ್‌ಡಿಐ ಲೆಕ್ಕಕ್ಕೇ ಸೇರುತ್ತದೆ. ಶೇ 10 ಪಾಲು ಇದ್ದವರಿಗೆ ಆಡಳಿತದಲ್ಲಿ ಒಂದು ಮಾತು ಇರುತ್ತದೆ, ಹಾಗಾಗಿ ಅವರು ದೀರ್ಘಕಾಲ ಉಳಿಯಲು ಬಂದವರು ಎಂಬುದು ಈ ಗೆರೆಯ ಹಿಂದಿನ ಊಹೆ. ಊಹೆ ಸಾಮಾನ್ಯವಾಗಿ ನಿಜವಾಗುತ್ತದೆ, ಯಾವಾಗಲೂ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ‘ನಿವ್ವಳ ಸೊನ್ನೆ’ಯ ಸುದ್ದಿಗೆ ಬಂದಾಗ ಬೇಕಾಗುತ್ತದೆ.

ಇನ್ನು ಹೊರಡುವ ದಾರಿ. ಪೋರ್ಟ್‌ಫೋಲಿಯೊ ನಿಧಿಯೊಂದು ಸೋಮವಾರ ಬೆಳಿಗ್ಗೆ ನ್ಯೂಯಾರ್ಕಿನಿಂದಲೋ ಸಿಂಗಪುರದಿಂದಲೋ ಮಾರಾಟದ ಆದೇಶ ಕೊಡುತ್ತದೆ. 2023ರ ಜನವರಿಯಿಂದ ನಮ್ಮ ಷೇರುಪೇಟೆಯ ಎಲ್ಲ ಷೇರುಗಳ ಲೆಕ್ಕ ಮರುದಿನವೇ ಚುಕ್ತಾ ಆಗುತ್ತಿದೆ. ಮಂಗಳವಾರ ರೂಪಾಯಿ ಆ ನಿಧಿಯ ಪರವಾಗಿ ಲೆಕ್ಕ ನೋಡಿಕೊಳ್ಳುವ ಬ್ಯಾಂಕಿನ ಖಾತೆಗೆ ಬರುತ್ತದೆ. ತೆರಿಗೆ ಕಳೆದು ಉಳಿದದ್ದನ್ನು ಬ್ಯಾಂಕು ಡಾಲರ್‌ಗೆ ಬದಲಾಯಿಸಿ ಕಳಿಸುತ್ತದೆ. ಕಾರಣ ಹೇಳಬೇಕಿಲ್ಲ, ಕೊಳ್ಳುವವರ ಜೊತೆ ಮಾತುಕತೆ ನಡೆಸಬೇಕಿಲ್ಲ. ಎದುರಿಗೆ ಯಾರು ಕೊಂಡರೆಂಬುದೂ ಅವರಿಗೆ ಗೊತ್ತಿರುವುದಿಲ್ಲ.

ನೇರ ಹೂಡಿಕೆಯ ದಾರಿ ಬರುವಾಗಲೇ ಉದ್ದ. ಹಣ ಬಂದ 60 ದಿನಗಳ ಒಳಗೆ ಷೇರು ಹಂಚಬೇಕು, ಹಂಚಿದ 30 ದಿನಗಳ ಒಳಗೆ ಎಫ್‌ಸಿ-ಜಿಪಿಆರ್ ಎಂಬ ನಮೂನೆಯಲ್ಲಿ ರಿಸರ್ವ್ ಬ್ಯಾಂಕಿಗೆ ವರದಿ ಕೊಡಬೇಕು. ಜೊತೆಗೆ ಷೇರಿನ ಮೌಲ್ಯ ಇಷ್ಟು ಎಂಬ ಪ್ರಮಾಣಪತ್ರವೂ ಬೇಕು. ಹೋಗುವಾಗ ಇನ್ನೂ ಉದ್ದ. ಇಲ್ಲಿಯ ನಿವಾಸಿಗೆ ಷೇರು ಮಾರುವುದಾದರೆ ಮತ್ತೆ ಮೌಲ್ಯಮಾಪನ ಆಗಬೇಕು, ನ್ಯಾಯವಾದ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. ಇದೆಲ್ಲ ಕಾಗದದ ಮಾತಾಯಿತು. ನಿಜವಾದ ತೊಡಕು ಕಾಗದದಲ್ಲಿಲ್ಲ. ಹಣ ಆ ಹೊತ್ತಿಗೆ ಹಣವಾಗಿ ಉಳಿದಿರುವುದೇ ಇಲ್ಲ. ಅದು ನೆಲವಾಗಿದೆ, ಶೆಡ್ ಆಗಿದೆ, ತಳಕ್ಕೆ ಬೋಲ್ಟ್ ಹಾಕಿ ಬಿಗಿದ ಪ್ರೆಸ್ ಆಗಿದೆ, ಎರಡು ವರ್ಷ ತರಬೇತಿ ಪಡೆದ ಕೆಲಸಗಾರರಾಗಿದೆ, ನಿಮ್ಮಂಥ ನಲವತ್ತೈವತ್ತು ಪೂರೈಕೆದಾರರಾಗಿದೆ.

ಇವನ್ನು ಮಾರಿ ಹೋಗುವುದು ಎಷ್ಟು ಕಷ್ಟ ಎಂಬುದಕ್ಕೆ ಎರಡು ಉದಾಹರಣೆಗಳು ಸಾಕು. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಪುಣೆ ಹತ್ತಿರದ ತಳೇಗಾಂವ್ ಕಾರ್ಖಾನೆಯಲ್ಲಿ ರಫ್ತಿಗೆಂದು ತಯಾರಿಕೆ ಮುಂದುವರಿದು 2020ರ ಡಿಸೆಂಬರ್‌ನಲ್ಲಿ ನಿಂತಿತು. ಚೀನಾದ ಕಂಪನಿಯೊಂದಕ್ಕೆ ಮಾರುವ ಒಪ್ಪಂದ ಕೈಗೂಡಲಿಲ್ಲ. ಕಡೆಗೆ ಅದು ಹುಂಡೈ ಕೈಸೇರಿದ್ದು 2024ರ ಜನವರಿಯಲ್ಲಿ. ಹೋಗುತ್ತೇನೆ ಎಂದವರು ಪೂರ್ತಿ ಹೋಗಲು ಆರು ವರ್ಷ ಬೇಕಾಯಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಅದಕ್ಕಾಗುವ ಹೊರೆ ಸುಮಾರು 200 ಕೋಟಿ ಡಾಲರ್ ಎಂದು ತಾನೇ ಅಂದಾಜು ಕೊಟ್ಟಿತ್ತು. ಅದರ ಸಾನಂದ್ ಕಾರ್ಖಾನೆಯನ್ನು ಟಾಟಾದವರು ಕೊಂಡದ್ದು ₹725.7 ಕೋಟಿಗೆ, ಅಂದರೆ ಹತ್ತು ಕೋಟಿ ಡಾಲರ್‌ಗೂ ಕಡಿಮೆಗೆ. ಹೀಗೆ ಕಳೆದುಕೊಂಡು ಹೋಗಬೇಕಾಗುತ್ತದೆ ಎಂಬ ಲೆಕ್ಕ ಎದುರಿಗಿರುವಾಗ ಯಾವ ಆಡಳಿತ ಮಂಡಳಿಯೂ ಒಂದು ತಿಂಗಳ ಕೆಟ್ಟ ಸುದ್ದಿಗೆ ಗಂಟುಮೂಟೆ ಕಟ್ಟುವುದಿಲ್ಲ. ನೇರ ಹೂಡಿಕೆಯವರಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚು ಎಂದಲ್ಲ, ಅವರಿಗೆ ಬಾಗಿಲು ಕಿರಿದು.

ನಮ್ಮ ಪಕ್ಕದ ಕೋಲಾರವನ್ನೇ ನೋಡಿ. ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ 2023ರಲ್ಲಿ ತನ್ನ ಘಟಕವನ್ನು ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಸುಮಾರು 12.5 ಕೋಟಿ ಡಾಲರ್‌ಗೆ ಮಾರಿತು. ಎಫ್‌ಡಿಐ ಲೆಕ್ಕದಲ್ಲಿ ಒಬ್ಬ ವಿದೇಶಿ ಮಾಲೀಕ ಹೋದ. ಆದರೆ ಕಟ್ಟಡ, ಯಂತ್ರ, ಜೋಡಣೆಯ ಸಾಲುಗಳೆಲ್ಲ ಅಲ್ಲೇ ಉಳಿದವು, ಅಲ್ಲಿ ಫೋನು ತಯಾರಾಗುತ್ತಲೇ ಇದೆ. ಷೇರುಪೇಟೆಯ ಹಣ ಹೋದಾಗ ಹಿಂದೆ ಇಂಥದ್ದೇನೂ ಉಳಿಯುವುದಿಲ್ಲ. ಷೇರು ಕೈಬದಲಾಯಿಸಿರುತ್ತದೆ, ಬೆಲೆ ಇಳಿದಿರುತ್ತದೆ, ಅಷ್ಟೇ.

ಎರಡು ಬಗೆಯ ಹಣವೂ ಒಂದೇ ಪೆಟ್ಟಿಗೆ ಹೇಗೆ ನಡೆದುಕೊಂಡವು ಎಂದು ತಿಳಿಯಲು 2013ಕ್ಕಿಂತ ಒಳ್ಳೆಯ ಪಾಠ ನಮ್ಮಲ್ಲಿಲ್ಲ. ಆ ವರ್ಷ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬೆನ್ ಬರ್ನಾಂಕೆ, ಪ್ರತಿ ತಿಂಗಳೂ ಸಾಲಪತ್ರ ಕೊಂಡು ಮಾರುಕಟ್ಟೆಗೆ ಹಣ ಬಿಡುವ ಕೆಲಸವನ್ನು ಮುಂದೆ ಕಡಿಮೆ ಮಾಡಬಹುದು ಎಂದು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಸೂಚಿಸಿದರು. ಮಾಡಿದ್ದೇನೂ ಇಲ್ಲ, ಮಾಡಬಹುದು ಎಂದದ್ದಷ್ಟೇ. ಅಮೆರಿಕದಲ್ಲಿ ಬಡ್ಡಿ ಏರಿತು. ಹೆಚ್ಚು ಬಡ್ಡಿಯ ಆಸೆಗೆ ಇಲ್ಲಿಗೆ ಬಂದಿದ್ದ ಹಣ, ಅದರಲ್ಲೂ ಸಾಲಪತ್ರಗಳಲ್ಲಿ ಇದ್ದದ್ದು, ಹೊರಡತೊಡಗಿತು. ಆ ಹೊತ್ತಿಗೆ ನಮ್ಮ ಚಾಲ್ತಿ ಖಾತೆ ಕೊರತೆ, ಅಂದರೆ ಹೊರಗಿನಿಂದ ಗಳಿಸುವುದಕ್ಕಿಂತ ಹೊರಗೆ ಕೊಡುವುದು ಎಷ್ಟು ಹೆಚ್ಚು ಎಂಬ ಅಂತರ, 2012–13ರಲ್ಲಿ ಜಿಡಿಪಿಯ ಶೇ 4.8ರಷ್ಟಿತ್ತು. ಈ ಅಂತರವನ್ನು ತುಂಬಲು ಹೊರಗಿನ ಹಣವೇ ಬೇಕಿತ್ತು. ಮೇ ತಿಂಗಳಲ್ಲಿ ಡಾಲರ್‌ಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ 28ಕ್ಕೆ 68 ದಾಟಿತು.

ಇಡೀ ವರ್ಷದ ಲೆಕ್ಕ ನೋಡಿ. 2012–13ರಲ್ಲಿ ಸುಮಾರು 2,700 ಕೋಟಿ ಡಾಲರ್ ಇದ್ದ ನಿವ್ವಳ ಪೋರ್ಟ್‌ಫೋಲಿಯೊ ಒಳಹರಿವು 2013–14ರಲ್ಲಿ 500 ಕೋಟಿ ಡಾಲರ್‌ಗೂ ಕೆಳಗಿಳಿಯಿತು. ಅದೇ ಎರಡು ವರ್ಷಗಳಲ್ಲಿ ನಿವ್ವಳ ಎಫ್‌ಡಿಐ ಸುಮಾರು 1,980 ಕೋಟಿ ಡಾಲರ್‌ನಿಂದ 2,160 ಕೋಟಿ ಡಾಲರ್‌ಗೆ ಏರಿತು. ಅದೇ ದೇಶ, ಅದೇ ಸರ್ಕಾರ, ಅದೇ ರೂಪಾಯಿ. ಒಂದು ಬಗೆಯ ಹಣ ಐದನೇ ಒಂದು ಪಾಲಿಗಿಂತಲೂ ಕಡಿಮೆಯಾಯಿತು, ಇನ್ನೊಂದು ಅಲುಗಲಿಲ್ಲ. ಎಫ್‌ಡಿಐ ಸ್ಥಿರ ಎಂಬ ಮಾತಿನ ಆಧಾರ ಇಂಥ ಅನುಭವಗಳು. 1997ರಲ್ಲಿ ಥಾಯ್ಲೆಂಡ್‌ನಿಂದ ಶುರುವಾಗಿ ಪೂರ್ವ ಏಷ್ಯಾವನ್ನು ಹಿಡಿದ ಬಿಕ್ಕಟ್ಟಿನಲ್ಲೂ ಬ್ಯಾಂಕುಗಳ ಅಲ್ಪಾವಧಿ ಸಾಲ ಮತ್ತು ಷೇರುಪೇಟೆಯ ಹಣ ಓಡಿದವು, ಕಾರ್ಖಾನೆಗಳಲ್ಲಿ ತೊಡಗಿಸಿದ್ದು ಬಹುಮಟ್ಟಿಗೆ ನಿಂತಿತು.

ಷೇರು, ಸಾಲಪತ್ರದವರು ಅಷ್ಟು ಅವಸರ ಏಕೆ ಪಡುತ್ತಾರೆ? ಅವರನ್ನು ಬೈಯುವ ಮೊದಲು ಅವರ ಜಾಗದಲ್ಲಿ ನಿಂತು ಒಂದು ಲೆಕ್ಕ ಹಾಕಿ ನೋಡಿ. ನಿಧಿಯೊಂದು 10 ಕೋಟಿ ಡಾಲರ್ ತಂದು, 55ರ ದರದಲ್ಲಿ 550 ಕೋಟಿ ರೂಪಾಯಿ ಮಾಡಿಕೊಂಡು ಷೇರು ಕೊಂಡಿದೆ ಎಂದುಕೊಳ್ಳಿ. ಷೇರು ಶೇ 10 ಬಿದ್ದರೆ ಉಳಿಯುವುದು 495 ಕೋಟಿ ರೂಪಾಯಿ. ಅಷ್ಟರಲ್ಲಿ ದರ 68 ಆಗಿದ್ದರೆ ಅದರ ಬೆಲೆ ಸುಮಾರು 7.28 ಕೋಟಿ ಡಾಲರ್. ಇಲ್ಲಿಯ ಷೇರುದಾರನಿಗೆ ಶೇ 10 ನಷ್ಟವಾದರೆ ಅವರಿಗೆ ಶೇ 27. ಮೊದಲು ಮಾರಿದವನಿಗೆ ಒಳ್ಳೆಯ ಷೇರು ಬೆಲೆಯೂ ಒಳ್ಳೆಯ ಡಾಲರ್ ದರವೂ ಸಿಗುತ್ತವೆ, ಕೊನೆಗೆ ಮಾರಿದವನಿಗೆ ಎರಡೂ ಇಲ್ಲ. ಹಾಗಾಗಿ ಭಾರತದ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವವನೂ ಉಳಿದವರು ಮಾರುವ ಮುಂಚೆ ಮಾರಲು ನೋಡುತ್ತಾನೆ. ಎಲ್ಲರೂ ಹಾಗೆ ಮಾಡಿದಾಗ ಯಾವುದಕ್ಕೆ ಹೆದರಿದ್ದರೋ ಅದೇ ಆಗುತ್ತದೆ. ನಿಮ್ಮ ಗಿರಾಕಿ ಕಂಪನಿಗೂ ರೂಪಾಯಿ ಕುಸಿತದಿಂದ ಲೆಕ್ಕದಲ್ಲಿ ನಷ್ಟವಾಗುತ್ತದೆ. ಆದರೆ ಓಡಿ ಅದನ್ನು ತಪ್ಪಿಸಿಕೊಳ್ಳುವ ಅವಕಾಶ ಅದಕ್ಕಿಲ್ಲ. ಇಲ್ಲಿಂದ ರಫ್ತು ಮಾಡುವ ಕಂಪನಿಯಾಗಿದ್ದರೆ ರೂಪಾಯಿ ಇಳಿದಾಗ ಅದಕ್ಕೆ ಅನುಕೂಲವೂ ಆಗಬಹುದು.

2013ರ ಪೆಟ್ಟು ಷೇರುದಾರರಿಗೆ ಮಾತ್ರ ಬೀಳಲಿಲ್ಲ, ಇದು ನಿಮಗೆ ನೇರವಾಗಿ ಸಂಬಂಧಪಟ್ಟದ್ದು. ರೂಪಾಯಿಯನ್ನು ತಡೆದು ನಿಲ್ಲಿಸಲು ರಿಸರ್ವ್ ಬ್ಯಾಂಕ್ ಜುಲೈನಲ್ಲಿ ಬ್ಯಾಂಕುಗಳಿಗೆ ತುರ್ತು ಸಾಲ ಕೊಡುವ ದರವನ್ನು ಶೇ 8.25ರಿಂದ ಶೇ 10.25ಕ್ಕೆ ಏರಿಸಿತು. ಅಲ್ಪಾವಧಿ ಸಾಲ ಎಲ್ಲರಿಗೂ ದುಬಾರಿಯಾಯಿತು. ಆಗ ದುಡಿಯುವ ಬಂಡವಾಳಕ್ಕೆ ಬ್ಯಾಂಕನ್ನು ನೆಚ್ಚಿದ್ದ ಸಣ್ಣ ಕಾರ್ಖಾನೆಯವರು ನಮ್ಮ ಶಾಖೆಯಲ್ಲಿ ಬಂದು ಕೂರುತ್ತಿದ್ದರು. ಅವರು ಒಂದು ಷೇರನ್ನೂ ಕೊಂಡವರಲ್ಲ, ಆದರೂ ಷೇರು, ಸಾಲಪತ್ರದ ಹಣ ಹೊರಟದ್ದರ ಬೆಲೆಯನ್ನು ಅವರೂ ತೆತ್ತರು. ಸೆಪ್ಟೆಂಬರ್ 4ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡ ರಘುರಾಮ್ ರಾಜನ್ ಅನಿವಾಸಿ ಭಾರತೀಯರ ಡಾಲರ್ ಠೇವಣಿ ತಂದ ಬ್ಯಾಂಕುಗಳಿಗೆ ವಿನಿಮಯ ದರದ ಅಪಾಯವನ್ನು ಶೇ 3.5ರ ನಿಗದಿತ ವೆಚ್ಚಕ್ಕೆ ರಿಸರ್ವ್ ಬ್ಯಾಂಕೇ ಹೊರುವ ಏರ್ಪಾಟು ಪ್ರಕಟಿಸಿದರು. ಠೇವಣಿ ಕನಿಷ್ಠ ಮೂರು ವರ್ಷ ಇರಬೇಕು ಎಂಬುದು ಷರತ್ತು. ಅದರಿಂದ ಸುಮಾರು 2,600 ಕೋಟಿ ಡಾಲರ್ ಬಂತು. ಹಣ ಎಷ್ಟು ಬಂತು ಎಂಬುದಕ್ಕಿಂತ ಆ ಮೂರು ವರ್ಷದ ಷರತ್ತು ನನಗೆ ಮುಖ್ಯವಾಗಿ ಕಾಣುತ್ತದೆ. ಬೇಗ ಹೊರಡುವ ಹಣದಿಂದಾದ ಗಾಯಕ್ಕೆ ಬೇಗ ಹೊರಡಲಾಗದ ಹಣವನ್ನೇ ಮದ್ದಾಗಿ ಹಚ್ಚಿದರು.

ಹಾಗೆಂದು ಪೋರ್ಟ್‌ಫೋಲಿಯೊ ಹಣ ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಷೇರು ಕೊಂಡವರು ನಷ್ಟವನ್ನೂ ಹಂಚಿಕೊಳ್ಳುತ್ತಾರೆ. ಮೇಲಿನ ಲೆಕ್ಕದ ನಿಧಿ ಹೋಗುವಾಗ 10 ಕೋಟಿ ಡಾಲರ್ ಕೇಳಲಿಲ್ಲ, ಸಿಕ್ಕ 7.28 ಕೋಟಿಯೊಂದಿಗೆ ಹೋಯಿತು. ಅಷ್ಟೇ ಹಣವನ್ನು ಡಾಲರ್ ಸಾಲವಾಗಿ ತಂದಿದ್ದರೆ ಪೂರ್ತಿ ಹತ್ತು ಕೋಟಿಯನ್ನೂ ಬಡ್ಡಿಯನ್ನೂ ಕೊಡಬೇಕಿತ್ತು. ದೇಶವೊಂದಕ್ಕೆ ನಿಜವಾಗಿ ಅಪಾಯಕಾರಿಯಾದದ್ದು ಅಲ್ಪಾವಧಿಯ ಡಾಲರ್ ಸಾಲ, ಷೇರು ಅದಕ್ಕಿಂತ ಎಷ್ಟೋ ವಾಸಿ. ಹೋದದ್ದು ಮರಳಿ ಬರುವುದೂ ಉಂಟು. 2020ರ ಮಾರ್ಚ್ ಒಂದೇ ತಿಂಗಳಲ್ಲಿ ಈ ಹೂಡಿಕೆದಾರರು ಷೇರು ಮತ್ತು ಸಾಲಪತ್ರ ಸೇರಿ ಸುಮಾರು ₹1.18 ಲಕ್ಷ ಕೋಟಿ ಹಿಂತೆಗೆದರು. ಮುಂದಿನ ಹಣಕಾಸು ವರ್ಷದಲ್ಲಿ ಷೇರುಗಳಿಗೇ ₹2.7 ಲಕ್ಷ ಕೋಟಿಗೂ ಹೆಚ್ಚು ತಂದರು. 2024ರ ಅಕ್ಟೋಬರ್‌ನಲ್ಲಿ ₹94,017 ಕೋಟಿಯ ಷೇರು ಮಾರಿದಾಗ 2013ರಂಥ ಗಾಬರಿ ಆಗಲಿಲ್ಲ. ಅದಕ್ಕೆ ಒಂದು ಕಾರಣ ನಮ್ಮಂಥವರು ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಕಟ್ಟುವ ಎಸ್‌ಐಪಿ ಹಣ. ಅದೇ ತಿಂಗಳು ಅದು ₹25,000 ಕೋಟಿ ದಾಟಿತ್ತು. ವಿದೇಶಿಯರು ಮಾರಿದ್ದನ್ನು ಇಲ್ಲಿಯ ನಿಧಿಗಳು ಕೊಂಡವು.

ಈಗ ನಿಮ್ಮ ನಿದ್ದೆ ಕೆಡಿಸಿದ ಇನ್ನೊಂದು ಸುದ್ದಿ, ನಿವ್ವಳ ಎಫ್‌ಡಿಐ. 2024–25ರ ಆರಂಭಿಕ ಅಂಕಿಗಳಲ್ಲಿ ಅದು 40 ಕೋಟಿ ಡಾಲರ್‌ಗೂ ಕಡಿಮೆ ಇದ್ದದ್ದು ನಿಜ. ಆದರೆ ಆ ಸಂಖ್ಯೆ ಹೇಗೆ ಹುಟ್ಟಿತು ನೋಡಿ. ವರ್ಷದಲ್ಲಿ ಒಳಗೆ ಬಂದ ಒಟ್ಟು ಎಫ್‌ಡಿಐ ಸುಮಾರು 8,100 ಕೋಟಿ ಡಾಲರ್. ಇದು ಹಿಂದಿನ ವರ್ಷಕ್ಕಿಂತ ಹೆಚ್ಚೇ. ಇದರಲ್ಲಿ ಇಲ್ಲಿದ್ದ ವಿದೇಶಿ ಹೂಡಿಕೆದಾರರು ಪಾಲು ಮಾರಿಯೋ ಬಂಡವಾಳ ಹಿಂತೆಗೆದೋ ಒಯ್ದ ಸುಮಾರು 5,150 ಕೋಟಿ ಡಾಲರ್ ಕಳೆಯುತ್ತಾರೆ. ಉಳಿದದ್ದರಲ್ಲಿ ಭಾರತದ ಕಂಪನಿಗಳು ಹೊರದೇಶಗಳಲ್ಲಿ ಹೂಡಿದ ಸುಮಾರು 2,900 ಕೋಟಿ ಡಾಲರ್ ಕಳೆಯುತ್ತಾರೆ. ಕಡೆಗೆ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ನಮ್ಮವರು ಹೊರಗೆ ಹೋಗಿ ಕಾರ್ಖಾನೆ ಕೊಂಡದ್ದೂ ಇದರಲ್ಲಿ ಕಳೆಯುವ ಲೆಕ್ಕವೇ.

ಮರಳಿ ಒಯ್ದ 5,150 ಕೋಟಿಯಲ್ಲೂ ಕಾರ್ಖಾನೆ ಮುಚ್ಚಿ ಹೋದದ್ದು ಎಷ್ಟು ಎಂದು ಕೇಳಬೇಕು. ಆ ವರ್ಷದ ದೊಡ್ಡ ಉದಾಹರಣೆಯನ್ನೇ ಹೇಳುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಹುಂಡೈನ ಕೊರಿಯಾದ ಮಾತೃಸಂಸ್ಥೆ ತನ್ನ ಭಾರತೀಯ ಕಂಪನಿಯ ಶೇ 17.5ರಷ್ಟು ಪಾಲನ್ನು ಷೇರುಪೇಟೆಯಲ್ಲಿ ಮಾರಿ ಸುಮಾರು ₹27,870 ಕೋಟಿ ಪಡೆಯಿತು. ಹೊಸ ಷೇರು ಒಂದೂ ಇರಲಿಲ್ಲ, ಎಲ್ಲ ಹಣವೂ ಮಾತೃಸಂಸ್ಥೆಗೇ ಹೋಯಿತು. ಎಫ್‌ಡಿಐ ಪುಸ್ತಕದಲ್ಲಿ ಅದು ಹೊರಹರಿವು. ಆದರೆ ಉಳಿದ ಶೇ 82.5 ಪಾಲು ಅವರದೇ, ಚೆನ್ನೈ ಹತ್ತಿರದ ಕಾರ್ಖಾನೆ ನಡೆಯುತ್ತಲೇ ಇದೆ, ಮೇಲೆ ಹೇಳಿದ ತಳೇಗಾಂವ್ ಕಾರ್ಖಾನೆ ಕೊಂಡವರೂ ಅವರೇ. ಆ ಷೇರುಗಳನ್ನು ಕೊಂಡವರಲ್ಲಿ ವಿದೇಶಿ ಪೋರ್ಟ್‌ಫೋಲಿಯೊ ನಿಧಿಗಳೂ ಇದ್ದವು. ಒಂದೆಡೆ ಪೇಟೆಯಲ್ಲಿ ಹಳೆಯ ಷೇರುಗಳನ್ನು ಸುರಿದು ಮಾರುತ್ತಿದ್ದ ಅದೇ ತಿಂಗಳು ಪೇಟೆಗೆ ಹೊಸದಾಗಿ ಮಾರಾಟಕ್ಕೆ ಬಂದ ಷೇರುಗಳಲ್ಲಿ ಅವು ಸುಮಾರು ₹20,000 ಕೋಟಿ ಹಾಕಿದ್ದವು. ಒಂದೇ ಷೇರು ಎಫ್‌ಡಿಐ ಪುಸ್ತಕದಿಂದ ಹೊರಬಿದ್ದು ಪೋರ್ಟ್‌ಫೋಲಿಯೊ ಪುಸ್ತಕಕ್ಕೆ ಸೇರಿತು. ಕಾರ್ಖಾನೆಯ ಒಂದು ನಟ್ಟೂ ಅಲುಗಲಿಲ್ಲ.

ಇದೇ ಸಂಗತಿಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡಬಾರದು. ಎಫ್‌ಡಿಐ ಎಂದು ದಾಖಲಾದದ್ದೆಲ್ಲ ಕಾರ್ಖಾನೆಯಲ್ಲ. ಕೋರಮಂಗಲ, ಇಂದಿರಾನಗರದ ನವೋದ್ಯಮಗಳಿಗೆ ಬರುವ ವಿದೇಶಿ ನಿಧಿಗಳ ಹಣವೂ ಎಫ್‌ಡಿಐ, ಏಕೆಂದರೆ ಆ ಕಂಪನಿಗಳು ಷೇರುಪೇಟೆಯಲ್ಲಿ ನೋಂದಾಯಿತವಲ್ಲ. ಇಂಥ ನಿಧಿ ಬರುವ ದಿನವೇ ಏಳೆಂಟು ವರ್ಷಕ್ಕೆ ಮಾರಿಕೊಂಡು ಹೊರಡುವ ಯೋಜನೆ ಹಾಕಿಕೊಂಡಿರುತ್ತದೆ. ಪೇಟೆ ಏರಿದ ವರ್ಷ ಹೊರಡುತ್ತದೆ, ಅದು ತಪ್ಪೂ ಅಲ್ಲ. ದೊಡ್ಡ ಮೊತ್ತ ಕೇಳಿದ ಕೂಡಲೇ ಅಷ್ಟೂ ಹಣ ಊರಿಗೆ ಬಂತು ಎಂದುಕೊಳ್ಳುವುದೂ ತಪ್ಪು. 2018ರಲ್ಲಿ ವಾಲ್‌ಮಾರ್ಟ್ ನಮ್ಮೂರಿನ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಅದರಲ್ಲಿ ಹೊಸ ಬಂಡವಾಳವಾಗಿ ಕಂಪನಿಗೆ ಸೇರಿದ್ದು 200 ಕೋಟಿ ಡಾಲರ್. ಉಳಿದದ್ದು ಹಳೆಯ ಷೇರುದಾರರ ಕೈಗೆ ಹೋಯಿತು. ಮೂಲ ಕಂಪನಿ ಆಗ ಸಿಂಗಪುರದಲ್ಲಿ ನೋಂದಾಯಿತವಾಗಿತ್ತು ಎಂಬುದು ಬೇರೆ ಮಾತು.

ಕಾರ್ಖಾನೆ ಹಾಕಿದವರ ಹಣದಲ್ಲೂ ಬೇಗ ಜಾರುವ ಭಾಗವೊಂದಿದೆ. ಎಫ್‌ಡಿಐ ಲೆಕ್ಕದಲ್ಲಿ ಮೂರು ಪದರಗಳಿರುತ್ತವೆ: ಷೇರು ಬಂಡವಾಳ, ಇಲ್ಲೇ ಗಳಿಸಿ ಇಲ್ಲೇ ಉಳಿಸಿಕೊಂಡ ಲಾಭ, ಮಾತೃಸಂಸ್ಥೆ ತನ್ನ ಅಂಗಸಂಸ್ಥೆಗೆ ಕೊಟ್ಟ ಸಾಲ. ಮೊದಲನೆಯದು ಕದಲುವುದು ಕಷ್ಟ. ಎರಡನೆಯದನ್ನು ಲಾಭಾಂಶವಾಗಿ ಒಯ್ಯಬಹುದು. ಮೂರನೆಯದನ್ನು, ಒಪ್ಪಂದದ ಷರತ್ತುಗಳ ಒಳಗೆ, ಸಾಕಷ್ಟು ಬೇಗ ತೀರಿಸಿಕೊಳ್ಳಬಹುದು. ಬಿಕ್ಕಟ್ಟು ಬಂದಾಗ ಕಾರ್ಖಾನೆ ನಿಂತಲ್ಲೇ ನಿಂತಿದ್ದರೂ ಒಳಗಿನ ಹಣ ಸಾಲ, ಲಾಭಾಂಶ, ರಾಯಧನದ ರೂಪದಲ್ಲಿ ಹೊರಟುಬಿಡಬಹುದು. ರೂಪಾಯಿ ಇಳಿಯುತ್ತದೆಂದು ಮಾತೃಸಂಸ್ಥೆ ಹೊರದೇಶದ ಮಾರುಕಟ್ಟೆಯಲ್ಲಿ ಮುಂಗಡವಾಗಿ ಡಾಲರ್ ಕೊಂಡಿಟ್ಟರೆ, ಇಲ್ಲಿಂದ ಒಂದು ಪೈಸೆ ಹೋಗದಿದ್ದರೂ ರೂಪಾಯಿಯ ಮೇಲೆ ಒತ್ತಡ ಬೀಳುತ್ತದೆ. ನಿಮ್ಮ ಮಗಳಿಗೆ ಇದನ್ನು ಹೇಳಿ. ಅವರ ಪಠ್ಯದಲ್ಲಿ ಇದಕ್ಕೆ ಹೆಚ್ಚು ಜಾಗ ಸಿಕ್ಕಿರಲಾರದು.

ಹಾಗಾದರೆ ಬಿಡದಿಯ ಕಂಪನಿ ಹೊರಡುತ್ತದೆಯೇ? ಇದಕ್ಕೆ ದೇಶದ ಅಂಕಿಗಳಲ್ಲಿ ಉತ್ತರ ಸಿಗುವುದಿಲ್ಲ. ಆ ಕಂಪನಿಯ ಪುಸ್ತಕದಲ್ಲಿ ಸಿಗುತ್ತದೆ, ಮತ್ತು ಅದನ್ನು ನೀವು ನೋಡಬಹುದು. ಭಾರತದಲ್ಲಿ ಕಂಪನಿಯಾಗಿ ನೋಂದಾಯಿಸಿದ್ದರೆ ಅದರ ವಾರ್ಷಿಕ ಲೆಕ್ಕಪತ್ರ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಇರುತ್ತದೆ. ಖಾಸಗಿ ಕಂಪನಿಯಾದರೂ ಇರುತ್ತದೆ. ₹100 ಶುಲ್ಕ ಕಟ್ಟಿದರೆ ಅದರ ದಾಖಲೆಗಳು ತೆರೆದುಕೊಳ್ಳುತ್ತವೆ. ನಿಮ್ಮ ಲೆಕ್ಕಪರಿಶೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕೈದು ವರ್ಷದ ಲೆಕ್ಕ ತೆಗೆಯಿರಿ. ಮೊದಲು ಯಂತ್ರೋಪಕರಣಗಳ ಪಟ್ಟಿ ನೋಡಿ: ವರ್ಷಕ್ಕೆ ಸವಕಳಿ ಎಂದು ಎಷ್ಟು ಬರೆದಿದ್ದಾರೆ, ಹೊಸದಾಗಿ ಎಷ್ಟು ಸೇರಿಸಿದ್ದಾರೆ. ಸವಕಳಿಗಿಂತ ಹೊಸ ಖರೀದಿ ಹೆಚ್ಚಿದ್ದರೆ ಅವರು ಬೆಳೆಯುತ್ತಿದ್ದಾರೆ. ಸತತ ಮೂರು ವರ್ಷ ಹೊಸ ಖರೀದಿ ಸವಕಳಿಯ ಅರ್ಧದಷ್ಟೂ ಇಲ್ಲದಿದ್ದರೆ ಇದ್ದದ್ದನ್ನು ಸವೆಸಿ ತಿನ್ನುತ್ತಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ. ಆಮೇಲೆ ಸಂಬಂಧಿತ ಪಕ್ಷಗಳೊಂದಿಗಿನ ವ್ಯವಹಾರ ಎಂಬ ಟಿಪ್ಪಣಿಗೆ ಬನ್ನಿ. ಮಾತೃಸಂಸ್ಥೆಗೆ ಕೊಟ್ಟ ಲಾಭಾಂಶ, ರಾಯಧನ, ಅದರಿಂದ ತಂದ ಸಾಲ ಎಲ್ಲ ಅಲ್ಲಿರುತ್ತವೆ. ಲಾಭ ಬಂದ ವರ್ಷ ಲಾಭಾಂಶ ಒಯ್ಯುವುದು ಸಹಜ. ಲಾಭ ಕುಗ್ಗುತ್ತಿರುವಾಗ ಕೂಡಿಟ್ಟದ್ದನ್ನೆಲ್ಲ ಲಾಭಾಂಶವಾಗಿ ಬಳಿದು, ಸಾಲವನ್ನೂ ತೀರಿಸಿಕೊಂಡಿದ್ದರೆ ಎಚ್ಚರವಾಗಿರಿ.

ಪುಸ್ತಕದಲ್ಲಿ ಕಾಣದ ಕುರುಹುಗಳು ನಿಮಗೇ ಹೆಚ್ಚು ಗೊತ್ತು. ಹೊಸ ಬಿಡಿಭಾಗಕ್ಕೆ ದರ ಕೇಳಿದ್ದಾರೆ ಎಂಬುದೇ ಒಳ್ಳೆಯ ಸೂಚನೆ, ಆದರೆ ದರ ಕೇಳುವುದಕ್ಕೆ ಖರ್ಚಿಲ್ಲ. ಅಚ್ಚು, ಜಿಗ್, ಫಿಕ್ಸ್ಚರ್‌ಗಳಿಗೆ ಅವರು ಹಣ ಕೊಡುತ್ತಾರೆಯೇ? ಆ ಬಿಡಿಭಾಗ ಯಾವ ಮಾದರಿಗೆ, ಅದು ಎಷ್ಟು ವರ್ಷ ತಯಾರಾಗಲಿದೆ? ವರ್ಷಕ್ಕೆ ಕನಿಷ್ಠ ಇಷ್ಟು ಕೊಳ್ಳುತ್ತೇವೆ, ನಡುವೆ ನಿಲ್ಲಿಸಿದರೆ ಯಂತ್ರದ ಉಳಿದ ವೆಚ್ಚದಲ್ಲಿ ಪಾಲು ಕೊಡುತ್ತೇವೆ ಎಂದು ಬರೆದುಕೊಡುತ್ತಾರೆಯೇ? ಸಣ್ಣ ಪೂರೈಕೆದಾರರು ಇದನ್ನು ಕೇಳಲು ಸಂಕೋಚಪಡುತ್ತಾರೆ. ದಯವಿಟ್ಟು ಕೇಳಿ. ಉತ್ತರ ‘ಇಲ್ಲ’ ಎಂದಾದರೂ ಅವರು ಎಷ್ಟು ಆಳಕ್ಕೆ ಬೇರು ಬಿಟ್ಟಿದ್ದಾರೆ ಎಂಬುದು ಅದರಿಂದ ತಿಳಿಯುತ್ತದೆ.

ಉಳಿದದ್ದು ಸಾಲ. ಕಂಪನಿ ಹೊರಡುವುದಕ್ಕಿಂತ ಹೆಚ್ಚು ನನ್ನನ್ನು ಚಿಂತೆಗೀಡುಮಾಡಿದ್ದು ನಿಮ್ಮ ಕೊನೆಯ ಸಾಲು. ನಿಮ್ಮ ಗಿರಾಕಿ ಕಂಪನಿ ಬಂಡೆಯಂತೆ ನಿಂತರೂ ಷೇರುಪೇಟೆಯ ಹಣ ಹೊರಟಾಗ ರೂಪಾಯಿ ಇಳಿಯಬಹುದು, ಆಗ ಡಾಲರ್ ಸಾಲ ನಿಮ್ಮ ಮೇಲೇ ಬೀಳುತ್ತದೆ. ಒಂದೂವರೆ ಲಕ್ಷ ಡಾಲರ್ ಎಂದರೆ 55ರ ದರದಲ್ಲಿ 82.5 ಲಕ್ಷ ರೂಪಾಯಿ, 68ರ ದರದಲ್ಲಿ 1.02 ಕೋಟಿ. 2013ರ ಮೇ ತಿಂಗಳಲ್ಲಿ ಇಂಥ ಸಾಲ ಮಾಡಿ ಆಗಸ್ಟ್ ಕೊನೆಗೆ ತೀರಿಸಬೇಕಾಗಿದ್ದವರಿಗೆ ಬಡ್ಡಿ ಬಿಟ್ಟು ಅಸಲಿನಲ್ಲೇ ಹತ್ತೊಂಬತ್ತೂವರೆ ಲಕ್ಷ ಹೆಚ್ಚಾಯಿತು. ನಿಮಗೆ ಬರುವ ಹಣ ರೂಪಾಯಿಯಲ್ಲಿ. ಸ್ವಂತ ರಫ್ತು ಇಲ್ಲ. ಡಾಲರ್ ಏರಿದರೆ ಅದನ್ನು ಸರಿದೂಗಿಸುವ ಗಳಿಕೆ ನಿಮ್ಮಲ್ಲಿಲ್ಲ.

ಡಾಲರ್ ಸಾಲದ ಬಡ್ಡಿ ಕಡಿಮೆ ಎಂದು ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಲೆಕ್ಕ. ಮುಂದೆ ತೀರಿಸುವ ಡಾಲರ್‌ಗೆ ಇಂದೇ ದರ ಗೊತ್ತುಮಾಡಿಕೊಳ್ಳುವ ಫಾರ್ವರ್ಡ್ ಒಪ್ಪಂದದ ವೆಚ್ಚವನ್ನು ಬಡ್ಡಿಗೆ ಸೇರಿಸಿ ಕೇಳಿ. ಆ ವೆಚ್ಚ ಹೆಚ್ಚುಕಡಿಮೆ ಎರಡು ದೇಶಗಳ ಬಡ್ಡಿಯ ಅಂತರದಷ್ಟೇ ಇರುವುದರಿಂದ, ಸೇರಿಸಿದ ಮೇಲೆ ಡಾಲರ್ ಸಾಲ ರೂಪಾಯಿ ಸಾಲದ ಹತ್ತಿರಕ್ಕೇ ಬರುತ್ತದೆ. ಸೇರಿಸಿದ ಮೇಲೂ ಅಗ್ಗವೆನಿಸಿದರೆ, ಪೂರ್ತಿ ಮೊತ್ತಕ್ಕೂ ಪೂರ್ತಿ ಅವಧಿಗೂ ಫಾರ್ವರ್ಡ್ ಮಾಡಿಸಿಯೇ ತೆಗೆದುಕೊಳ್ಳಿ. ‘ಈಗ ಬೇಡ, ರೂಪಾಯಿ ಅಲುಗಿದಾಗ ಮಾಡಿಸೋಣ’ ಎಂಬ ಸಲಹೆ ಒಪ್ಪಬೇಡಿ. ರೂಪಾಯಿ ಅಲುಗುವ ದಿನ ಎಲ್ಲರೂ ಅದನ್ನೇ ಕೇಳುತ್ತಾರೆ, ಬೆಲೆಯೂ ಏರಿರುತ್ತದೆ.

ನಿಮ್ಮ ಸ್ಥಿತಿಯಲ್ಲಿ ನಾನಾದರೆ ರೂಪಾಯಿಯ ಅವಧಿ ಸಾಲವನ್ನೇ ಆರಿಸುತ್ತೇನೆ. ಅದರಲ್ಲೂ ಅಪಾಯವಿದೆ: ಬಡ್ಡಿ ಬದಲಾಗುವ ಸಾಲವಾದರೆ 2013ರಂಥ ತಿಂಗಳಲ್ಲಿ ಕಂತು ಏರಬಹುದು. ಆದರೆ ಬಡ್ಡಿ ಶೇ 2 ಏರಿದರೆ ತಡೆದುಕೊಳ್ಳಬಹುದು, ಅಸಲು ಶೇ 24 ಏರಿದರೆ ಹದಿನಾಲ್ಕು ಜನರ ಸಂಬಳ ನಿಲ್ಲುತ್ತದೆ. ಯಂತ್ರದ ಮುಂಗಡ ಕೊಟ್ಟ ದಿನದಿಂದ ಬಾಕಿ ಪಾವತಿಸುವ ದಿನದವರೆಗಿನ ನಾಲ್ಕೈದು ತಿಂಗಳಿಗೂ ಫಾರ್ವರ್ಡ್ ಬೇಕು. ರೂಪಾಯಿ ಸಾಲ ತೆಗೆದವರು ಈ ನಡುವಿನ ಅವಧಿಯನ್ನು ಮರೆಯುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಯಂತ್ರವನ್ನು ಆರಿಸುವಾಗ ಆ ಒಂದು ಬಿಡಿಭಾಗಕ್ಕೇ ಹೊಂದುವಂಥದ್ದು ಬೇಡ. ಬೊಮ್ಮಸಂದ್ರದಲ್ಲೋ ಹೊಸೂರಿನಲ್ಲೋ ಇನ್ನೊಬ್ಬ ಗಿರಾಕಿಯ ಕೆಲಸಕ್ಕೂ ಒದಗುವ ಅಳತೆಯದನ್ನು ತೆಗೆದುಕೊಳ್ಳಿ, ಸ್ವಲ್ಪ ಹೆಚ್ಚು ಬೆಲೆಯಾದರೂ ಚಿಂತೆಯಿಲ್ಲ. ಗಿರಾಕಿ ಕಂಪನಿಯ ಲೆಕ್ಕಪತ್ರದಲ್ಲಿ ಮೇಲೆ ಹೇಳಿದ ಎಚ್ಚರಿಕೆಯ ಕುರುಹು ಕಂಡರೆ, ಕನಿಷ್ಠ ಖರೀದಿಯ ಪತ್ರ ಕೈಗೆ ಬರುವವರೆಗೆ ಮುಂಗಡ ಕಟ್ಟಬೇಡಿ. ಕಾಣದಿದ್ದರೆ, ಪತ್ರಿಕೆಯಲ್ಲಿ ವಿದೇಶಿಯರು ಷೇರು ಮಾರಿದ ಸುದ್ದಿ ಬಂತೆಂದು ದರಪಟ್ಟಿ ಕಳಿಸುವುದನ್ನು ತಡಮಾಡಬೇಡಿ.